ಬೆನ್ನಿನ ಒಂದೇ ಜಾಗದಲ್ಲಿ ಎರಡು ನೋವು

46 ವರ್ಷದ ಹೆಂಗಸು, ತಿಪಟೂರು ಕಡೆಯವರು. ಮನೆಯ ಮುಂದಿನ ಕೋಣೆಯಲ್ಲೇ ಮಷಿನ್ ಹಾಕಿಕೊಂಡು ಬ್ಲೌಸ್ ಹೊಲಿಯುತ್ತಾರೆ. ಮೂರು ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ತಗೊಳ್ಳುತ್ತಾರೆ. ತೂಕ 71 ಕೆ.ಜಿ., ಎತ್ತರ ಐದಡಿ ಒಂದಿಂಚು. ನನ್ನ ಕ್ಲಿನಿಕ್‌ಗೆ ಬಂದಿದ್ದು ಒಂದೇ ದೂರು ಹಿಡಿದುಕೊಂಡು: ಬೆನ್ನಿನ ಎರಡು ರೆಕ್ಕೆ ಮೂಳೆಗಳ ನಡುವೆ ನೋವು, ಎಂಟು ತಿಂಗಳಿಂದ ಬರ್ತಾ ಹೋಗ್ತಾ ಇದೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ನೋವಿನ ಕತೆ ಮಾತ್ರ ಇದ್ದದ್ದು ಇದ್ದ ಹಾಗೆ.

ಜೊತೆಗೆ ಒಂದು ದೊಡ್ಡ ಕವರ್ ಇತ್ತು, ಅದರಲ್ಲಿ ಕುತ್ತಿಗೆಯ ಎಂಆರ್‌ಐ. ಸಿ5-ಸಿ6 ಮತ್ತು ಸಿ6-ಸಿ7 ಡಿಸ್ಕ್ ಉಬ್ಬಿದೆ ಅಂತ ರಿಪೋರ್ಟಿನಲ್ಲಿ ಬರೆದಿತ್ತು. ಅದನ್ನು ನೋಡಿ ಕುತ್ತಿಗೆಗೆ ಕಾಲರ್ ಕೊಟ್ಟಿದ್ದರು, ನೋವಿನ ಮಾತ್ರೆ ಕೊಟ್ಟಿದ್ದರು, ನರದ ಮಾತ್ರೆ ಅಂತ ರಾತ್ರಿ ಒಂದು, ಬೆಳಗ್ಗೆ ಖಾಲಿ ಹೊಟ್ಟೆಗೆ ಗ್ಯಾಸ್ ಮಾತ್ರೆ ಒಂದು. ಮನೆಯಲ್ಲಿ ಅತ್ತೆಯವರು ಇದು ವಾಯು ಹಿಡಿದಿರೋದು ಅಂತ ಓಮದ ನೀರು ಕುಡಿಸುತ್ತಿದ್ದರು. ಇಷ್ಟೆಲ್ಲ ಆದರೂ ನೋವು ಬರುವುದು ಬರುತ್ತಲೇ ಇತ್ತು.

ಅವತ್ತು ಬಂದಿದ್ದಕ್ಕೆ ಬೇರೆ ಕಾರಣ ಇತ್ತು. ಹಿಂದಿನ ರಾತ್ರಿ ನೋವು ಜಾಸ್ತಿಯಾಗಿ ಬೆವರು ಬಂದು, ಎರಡು ಸಲ ವಾಂತಿ ಆಗಿತ್ತು. ಅವರ ಯಜಮಾನರಿಗೆ ಇದು ಹಾರ್ಟ್ ಇರಬಹುದು ಅನ್ನೋ ಭಯ. "ಡಿಸ್ಕ್ ಅಂತ ಗೊತ್ತಾಗಿದೆಯಲ್ಲ ಸಾರ್, ಇವರು ಸುಮ್ನೆ ಗಾಬರಿ ಮಾಡ್ಕೊಂಡು ಕರ್ಕೊಂಡು ಬಂದ್ರು" ಅಂತ ಆಕೆ ಹೇಳಿದರು. ನನ್ನ ಲೆಕ್ಕದಲ್ಲಿ ಆ ಭಯ ಸರಿಯಾಗಿಯೇ ಇತ್ತು. ಶುಗರ್ ಇರುವ, 45 ದಾಟಿದ ಹೆಂಗಸು, ರಾತ್ರಿ ಬೆನ್ನು ನೋವು, ಬೆವರು, ವಾಂತಿ. ಎದೆ ನೋವೇ ಇಲ್ಲದೆ ಹಾರ್ಟ್ ಅಟ್ಯಾಕ್ ಆಗುವುದು ಇಂಥವರಲ್ಲಿ ಜಾಸ್ತಿ. ಹಾಗಾಗಿ ಕುತ್ತಿಗೆ ಫಿಲ್ಮನ್ನು ಪಕ್ಕಕ್ಕಿಟ್ಟು ಮೊದಲು ಇಸಿಜಿ ಮಾಡಿದೆವು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ರೆಕ್ಕೆ ಮೂಳೆಗಳ ನಡುವಿನ ನೋವಿನಲ್ಲಿ ಹೃದಯ ಕಾರಣವಾಗಿರುವುದು ಮಾಂಸಖಂಡದ ನೋವಿಗೆ ಹೋಲಿಸಿದರೆ ಕಮ್ಮಿಯೇ. ಆದರೂ ಮೊದಲು ಅದನ್ನೇ ನೋಡಬೇಕು, ಯಾಕೆಂದರೆ ಪಿತ್ತಕೋಶಕ್ಕೆ ನಾವು ನಾಲ್ಕು ದಿನ ತಡ ಮಾಡಬಹುದು, ಕುತ್ತಿಗೆಗೆ ನಾಲ್ಕು ವಾರ ತಡ ಮಾಡಬಹುದು, ಹೃದಯಕ್ಕೆ ಗಂಟೆಗಳ ಲೆಕ್ಕ. ಇನ್ನೊಂದು, ಸಾಮಾನ್ಯ ಇಸಿಜಿಯಲ್ಲಿ ಎದೆಯ ಮುಂಭಾಗಕ್ಕೆ ಮಾತ್ರ ಬಟ್ಟಲು ಅಂಟಿಸುತ್ತಾರೆ. ಹೃದಯದ ಹಿಂಬದಿಯ ಗೋಡೆಗೆ ರಕ್ತ ಹೋಗುವುದು ನಿಂತರೆ ಆ ಪಟ್ಟಿಯಲ್ಲಿ ನೇರವಾಗಿ ಕಾಣುವುದಿಲ್ಲ, ಎದೆಯ ಮೇಲಿನ ಮೊದಲ ಮೂರು ಬಟ್ಟಲುಗಳಲ್ಲಿ, ಅಂದರೆ ವಿ1ರಿಂದ ವಿ3ವರೆಗೆ, ಗೆರೆ ಕೆಳಗೆ ಇಳಿದ ಹಾಗೆ ಮಾತ್ರ ಕಾಣಬಹುದು. ಅನುಮಾನ ಬಂದರೆ ಅವೇ ವೈರುಗಳನ್ನು ಎಡಗಡೆ ಬೆನ್ನಿಗೆ, ರೆಕ್ಕೆ ಮೂಳೆಯ ಕೆಳಗೆ ಹಾಕಿ ಇನ್ನೊಂದು ಪಟ್ಟಿ ತೆಗೆಯಬೇಕು. ಎರಡು ನಿಮಿಷದ ಕೆಲಸ. ಬೆನ್ನು ನೋವು ಅಂತಲೇ ಬಂದವರಿಗೆ ಇದನ್ನು ಮಾಡದೆ ಕಳಿಸಬಾರದು ಅನ್ನುವುದು ನನ್ನ ಅಭಿಪ್ರಾಯ.

ಆಕೆಯ ಎರಡೂ ಪಟ್ಟಿ ಸರಿಯಾಗಿತ್ತು. ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಬರುವ ಟ್ರೋಪೋನಿನ್ ಅನ್ನುವ ಪ್ರೋಟೀನಿನ ಪರೀಕ್ಷೆಗೆ ಕಳಿಸಿದೆವು, ಅದೂ ನಾರ್ಮಲ್. ನೋವು ಶುರುವಾಗಿ ಹತ್ತು ಗಂಟೆ ಕಳೆದಿತ್ತು, ಹಾಗಾಗಿ ಒಂದೇ ಸಲದ ರಿಪೋರ್ಟಿಗೂ ಬೆಲೆ ಇತ್ತು. ನೋವು ಬಂದ ಒಂದು ಗಂಟೆಯೊಳಗೆ ಪರೀಕ್ಷೆ ಮಾಡಿಸಿ "ನಾರ್ಮಲ್ ಬಂತು" ಅಂತ ಮನೆಗೆ ಹೋಗುವವರನ್ನು ನೋಡುತ್ತೇವಲ್ಲ, ಅದು ಅಪಾಯ. ಆ ಪ್ರೋಟೀನು ರಕ್ತದಲ್ಲಿ ಏರಲು ಸಮಯ ಬೇಕು, ಕೆಲವು ಗಂಟೆ ಬಿಟ್ಟು ಇನ್ನೊಂದು ಸಲ ಮಾಡಲೇಬೇಕು. ಇಸಿಜಿಗೂ ಇದೇ ಮಾತು. ನೋವು ಇರುವಾಗಲೇ ತೆಗೆದ ಪಟ್ಟಿಗೆ ಇರುವ ಬೆಲೆ ನೋವು ಹೋದ ಮೇಲೆ ತೆಗೆದದ್ದಕ್ಕೆ ಇಲ್ಲ.

ಎರಡೂ ತೋಳಿನಲ್ಲಿ ಬಿಪಿ ನೋಡಿದೆ. ಬಲಗೈಯಲ್ಲಿ 146/90, ಎಡಗೈಯಲ್ಲಿ 142/88. ಎರಡೂ ತೋಳು ಯಾಕೆ ಅಂದರೆ, ಹೃದಯದಿಂದ ಹೊರಡುವ ಮಹಾಧಮನಿಯ ಒಳಪದರ ಸೀಳಿಕೊಂಡಾಗಲೂ ನೋವು ಸರಿಯಾಗಿ ಇದೇ ಜಾಗಕ್ಕೆ ಬರುತ್ತದೆ. ಅದರ ಲಕ್ಷಣವೇ ಬೇರೆ. ಯಾವುದೋ ಒಂದು ಕ್ಷಣದಲ್ಲಿ, ಏನು ಮಾಡುತ್ತಿದ್ದೆ ಅಂತ ನೆನಪಿರುವಷ್ಟು ಖಚಿತವಾಗಿ ಶುರುವಾಗುತ್ತದೆ, ಶುರುವಾದಾಗಲೇ ಪೂರ್ತಿ ಜೋರಾಗಿರುತ್ತದೆ, ಹರಿದು ಹಾಕಿದ ಹಾಗೆ ಅಂತ ಹೇಳುತ್ತಾರೆ. ಎರಡು ತೋಳಿನ ಬಿಪಿಯ ಮೇಲಿನ ಅಂಕಿಯಲ್ಲಿ 20ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಆ ಕಡೆ ಯೋಚಿಸಬೇಕು. ವ್ಯತ್ಯಾಸ ಇಲ್ಲ ಅಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತಲ್ಲ, ಕತೆ ಹೊಂದಿದರೆ ಸಿಟಿ ಆಂಜಿಯೋ ಮಾಡಿಯೇ ತೀರಬೇಕು. ಇದನ್ನು ಹಾರ್ಟ್ ಅಟ್ಯಾಕ್ ಅಂದುಕೊಂಡು ರಕ್ತ ತಿಳಿ ಮಾಡುವ ಇಂಜೆಕ್ಷನ್ ಕೊಟ್ಟರೆ ಜೀವಕ್ಕೇ ಕುತ್ತು. ಆಕೆಯ ನೋವು ನಿಧಾನವಾಗಿ ಕಾಲು ಗಂಟೆ, ಅರ್ಧ ಗಂಟೆಯಲ್ಲಿ ಏರುತ್ತಿತ್ತು, ಕೈಯ ನಾಡಿಗಳೂ ಎರಡೂ ಕಡೆ ಒಂದೇ ಥರ ಇದ್ದವು.

ಟ್ರೋಪೋನಿನ್ ಸರಿ ಇದ್ದರೆ ಅಟ್ಯಾಕ್ ಆಗಿಲ್ಲ ಅಂತ ಅರ್ಥ, ರಕ್ತನಾಳ ಸಣ್ಣಗಾಗಿಲ್ಲ ಅಂತ ಅಲ್ಲ. ಅದಕ್ಕೆ ಪ್ರಶ್ನೆ ಕೇಳಬೇಕು. ಅವರ ಮನೆ ಮಹಡಿಯ ಮೇಲೆ, ನಲ್ಲಿ ಬೀದಿಯಲ್ಲಿ. ದಿನಾ ಬೆಳಗ್ಗೆ ಸೊಂಟದ ಮೇಲೊಂದು ಕೈಯಲ್ಲೊಂದು ಕೊಡ ಹಿಡಿದು ಮೆಟ್ಟಿಲು ಹತ್ತುತ್ತಾರೆ. ಆಗ ಬೆನ್ನು ನೋಯುತ್ತದಾ? ಇಲ್ಲ. ಉಸಿರು ಕಟ್ಟುತ್ತದಾ? ಇಲ್ಲ. ಹೃದಯದ ನೋವು ಸಾಮಾನ್ಯವಾಗಿ ಶ್ರಮಕ್ಕೆ ಬಂದು, ನಿಂತರೆ ಕೆಲವು ನಿಮಿಷಕ್ಕೆ ಹೋಗುತ್ತದೆ. ಶುಗರ್ ಇರುವುದರಿಂದ ಆ ಉತ್ತರವನ್ನಷ್ಟೇ ನಂಬದೆ ಅದೇ ವಾರ ಹೃದಯದ ಸ್ಕ್ಯಾನ್ ಆದ ಎಕೋ ಮತ್ತು ಓಡುವ ಪಟ್ಟಿಯ ಮೇಲೆ ನಡೆಸಿ ಇಸಿಜಿ ನೋಡುವ ಟಿಎಂಟಿ ಮಾಡಿಸಿದೆವು. ಎರಡರಲ್ಲೂ ತೊಂದರೆ ಕಾಣಲಿಲ್ಲ.

ಹೃದಯದ ಬಾಗಿಲು ಹೀಗೆ ಮುಚ್ಚಿದ ಮೇಲೆ ಸಮಾಧಾನವಾಗಿ ಕೂತು ನೋವಿನ ಕತೆ ಕೇಳಿದೆ. ಇಷ್ಟು ದಿನ ಎಲ್ಲರೂ "ಎಲ್ಲಿ ನೋವು?" ಅಂತ ಕೇಳಿದ್ದರು, ಆಕೆ ಜಾಗ ತೋರಿಸಿದ್ದರು. ನಾನು "ಯಾವಾಗ?" ಅಂತ ಕೇಳಿದೆ. ಮೊದಲು "ಯಾವಾಗ್ಲೂ" ಅಂದರು. ಹೋದ ವಾರದ ಒಂದೊಂದೇ ದಿನ ತಗೊಂಡು ಬಿಡಿಸುತ್ತಾ ಹೋದರೆ ಅಲ್ಲಿ ಎರಡು ಬೇರೆ ಬೇರೆ ನೋವು ಇತ್ತು.

ಒಂದು, ಮಧ್ಯಾಹ್ನ ಮೂರು ನಾಲ್ಕರ ಮೇಲೆ ಶುರುವಾಗಿ ಸಂಜೆಗೆ ಏರುವ ನೋವು. ಉರಿ ಉರಿ, ಭಾರ. ಎದ್ದು ಓಡಾಡಿದರೆ, ತೋಳು ಮೇಲೆತ್ತಿ ಮೈ ಮುರಿದರೆ ಹಗುರ. ಹೊಲಿಗೆ ಇಲ್ಲದ ದಿನ ಇಲ್ಲವೇ ಇಲ್ಲ.

ಇನ್ನೊಂದು, ರಾತ್ರಿಯದು. ಎರಡು ಮೂರು ವಾರಕ್ಕೊಮ್ಮೆ. ಊಟ ಆಗಿ ಮಲಗಿ ಒಂದೆರಡು ಗಂಟೆಗೆ ಎಚ್ಚರ ಆಗುತ್ತದೆ. ನೋವು ಏರಿ, ಏರಿದ ಮೇಲೆ ಒಂದೇ ಸಮ ನಿಂತುಬಿಡುತ್ತದೆ, ಗಂಟೆಗಟ್ಟಲೆ. ಹೇಗೆ ಮಲಗಿದರೂ ಆಗುವುದಿಲ್ಲ, ಕೂತರೂ ಆಗುವುದಿಲ್ಲ, ಗೋಡೆಗೆ ಬೆನ್ನು ಒತ್ತಿದರೂ ಆಗುವುದಿಲ್ಲ. ಸುಮ್ನೆ ಹಜಾರದಲ್ಲಿ ಅತ್ತಿಂದಿತ್ತ ಓಡಾಡುತ್ತಾರೆ. ಹೊಟ್ಟೆ ಉಬ್ಬರಿಸಿದ ಹಾಗೆ, ವಾಂತಿ ಬಂದ ಹಾಗೆ. ಆಮೇಲೆ ಬೆಳಗಿನ ಜಾವಕ್ಕೆ ಯಾರೋ ಕೈ ಬಿಟ್ಟ ಹಾಗೆ ಹೋಗಿಬಿಡುತ್ತದೆ, ಮರುದಿನ ಏನೂ ಇಲ್ಲ.

ರಾತ್ರಿ ನೋವು ಎಲ್ಲಿ ಅಂತ ತೋರಿಸಿ ಅಂದೆ. ಬಲಗೈಯನ್ನು ಸೊಂಟದ ಹಿಂದಿನಿಂದ ತಂದು, ಹೆಬ್ಬೆರಳನ್ನು ಮೇಲ್ಮುಖ ಮಾಡಿ ರೆಕ್ಕೆ ಮೂಳೆಯ ಕೆಳತುದಿಯ ಹತ್ತಿರ ಬೆನ್ನೆಲುಬಿನ ಕಡೆಗೆ ಒತ್ತಿ ತೋರಿಸಿದರು. ಸರ್ಜನ್‌ಗಳು ಇದಕ್ಕೆ ಕಾಲಿನ್ಸ್ ಸೈನ್ ಅನ್ನುತ್ತಾರೆ. ಇದೊಂದರಿಂದ ಏನೂ ತೀರ್ಮಾನ ಆಗುವುದಿಲ್ಲ, ಆದರೆ ಆ ಹೆಬ್ಬೆರಳು ನೋಡಿದಾಗ ನನ್ನ ಗಮನ ಕುತ್ತಿಗೆ ಬಿಟ್ಟು ಪಿತ್ತಕೋಶಕ್ಕೆ ಹೋಯಿತು.

ಪಿತ್ತಕೋಶ ಇರುವುದು ಮುಂದೆ, ಬಲಗಡೆ ಪಕ್ಕೆಲುಬಿನ ಕೆಳಗೆ, ಲಿವರ್‌ಗೆ ಅಂಟಿಕೊಂಡು. ಅದರ ನೋವು ಬೆನ್ನಿಗೆ ಯಾಕೆ ಬರಬೇಕು? ಪಿತ್ತಕೋಶದಿಂದ ಹೊರಟ ನರಗಳು ಬೆನ್ನುಹುರಿ ಸೇರುವುದು ಎದೆಯ ಮಟ್ಟದಲ್ಲಿ, ಹೆಚ್ಚುಕಮ್ಮಿ ಐದರಿಂದ ಒಂಬತ್ತನೇ ಎಲುಬಿನ ಮಟ್ಟದಲ್ಲಿ. ರೆಕ್ಕೆಗಳ ನಡುವಿನ, ಅದರ ಕೆಳಗಿನ ಚರ್ಮ ಮತ್ತು ಮಾಂಸಖಂಡದ ಸುದ್ದಿ ಬರುವುದೂ ಆ ಆಸುಪಾಸಿನ ಮಟ್ಟಗಳಿಗೇ. ಎರಡು ಮನೆಗೆ ಒಂದೇ ಕಾಲಿಂಗ್ ಬೆಲ್ ಇದ್ದರೆ ಯಾರ ಮನೆಗೆ ಬಂದಿದ್ದಾರೆ ಅಂತ ಒಳಗಿದ್ದವರಿಗೆ ಹೇಗೆ ಗೊತ್ತಾಗಬೇಕು? ಮೆದುಳು ತನಗೆ ಹೆಚ್ಚು ಪರಿಚಯ ಇರುವ ಮನೆಯ ಹೆಸರು ಹೇಳುತ್ತದೆ, ಅಂದರೆ ಬೆನ್ನು. ಕೆಲವರಿಗೆ ಮುಂದೆ ಹೊಟ್ಟೆಯಲ್ಲಿ ನೋವೇ ಗೊತ್ತಾಗುವುದಿಲ್ಲ, ಬರೀ ಉಬ್ಬರ. ಇವರದ್ದೂ ಹಾಗೆ, ಅದಕ್ಕೇ ಅದು ಗ್ಯಾಸ್ ಲೆಕ್ಕಕ್ಕೆ ಹೋಯಿತು.

ಇಷ್ಟಕ್ಕೇ ಪಿತ್ತಕೋಶ ಅಂತ ಬರೆದುಬಿಡಲಿಲ್ಲ, ಬೆನ್ನೆಲುಬನ್ನು ನೋಡಬೇಕಿತ್ತು. ಕುತ್ತಿಗೆಯ ಕೆಳಗಿನ ಡಿಸ್ಕ್‌ಗಳ ನೋವು ರೆಕ್ಕೆ ಮೂಳೆಯ ಒಳ ಅಂಚಿಗೆ ಬರುವುದು ನಿಜ. ಕುತ್ತಿಗೆಯಲ್ಲಿ ನೋವೇ ಇಲ್ಲದೆ ಬರೀ ಅಲ್ಲಿ ನೋಯುವವರೂ ಇದ್ದಾರೆ. ಆದರೆ ಆ ನೋವು ಕುತ್ತಿಗೆಯ ಮಾತು ಕೇಳುತ್ತದೆ. ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಿ, ಪಕ್ಕಕ್ಕೆ ವಾಲಿಸಿ, ತಲೆಯನ್ನು ಮೆಲ್ಲಗೆ ಒತ್ತಿದರೆ ಜಾಸ್ತಿ ಆಗಬೇಕು, ತೋಳಿಗೆ ಇಳಿಯಬೇಕು. ಕೈ ಎತ್ತಿ ತಲೆಯ ಮೇಲೆ ಇಟ್ಟುಕೊಂಡರೆ ಹಲವರಿಗೆ ಹಗುರ ಆಗುತ್ತದೆ. ಸಿ7 ನರ ಒತ್ತಿದ್ದರೆ ನಡುಬೆರಳು ಜೋಮು ಹಿಡಿಯುತ್ತದೆ, ಮೊಣಕೈ ಚಾಚಿ ತಳ್ಳುವ ಶಕ್ತಿ ಕಮ್ಮಿ ಆಗುತ್ತದೆ. ಇವರಿಗೆ ಇದ್ಯಾವುದೂ ಇರಲಿಲ್ಲ. ನನ್ನ ಕೈಯನ್ನು ತಳ್ಳಿ ಅಂದರೆ ನನ್ನನ್ನೇ ಹಿಂದಕ್ಕೆ ಸರಿಸಿದರು.

ಹಾಗಾದರೆ ಎಂಆರ್‌ಐನಲ್ಲಿ ಉಬ್ಬಿದ ಡಿಸ್ಕ್? ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1200ಕ್ಕೂ ಹೆಚ್ಚು ಜನರಿಗೆ ಕುತ್ತಿಗೆ ಎಂಆರ್‌ಐ ಮಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ, ಅದರಲ್ಲಿ ಶೇ 87ಕ್ಕಿಂತ ಹೆಚ್ಚು ಮಂದಿಗೆ ಡಿಸ್ಕ್ ಉಬ್ಬಿತ್ತು. ಅಂದರೆ ನಲವತ್ತು ದಾಟಿದವರ ಫಿಲ್ಮಿನಲ್ಲಿ ಡಿಸ್ಕ್ ಉಬ್ಬಿದೆ ಅನ್ನುವುದು ಸಾಮಾನ್ಯ ಸಂಗತಿ. ರೋಗಿಯ ಕೈಯಲ್ಲಿ ನರದ ಲಕ್ಷಣ ಇಲ್ಲದೆ, ಕುತ್ತಿಗೆ ತಿರುಗಿಸಿದರೆ ನೋವು ಬದಲಾಗದೆ, ಬರೀ ಫಿಲ್ಮ್ ನೋಡಿ ಇದೇ ಕಾರಣ ಅನ್ನುವುದು ಜಾಸ್ತಿ ಆಯಿತು.

ನಮ್ಮ ದೇಶದಲ್ಲಿ ಬೆನ್ನೆಲುಬಿನ ವಿಷಯದಲ್ಲಿ ಇನ್ನೊಂದನ್ನು ಮರೆಯುವ ಹಾಗಿಲ್ಲ, ಅದು ಟಿ.ಬಿ. ಶ್ವಾಸಕೋಶದಲ್ಲಿ ಏನೂ ಇಲ್ಲದೆ, ಕೆಮ್ಮಿಲ್ಲದೆ, ನೇರವಾಗಿ ಎದೆ ಮಟ್ಟದ ಬೆನ್ನೆಲುಬಿನಲ್ಲಿ ಕೂತುಬಿಡಬಹುದು. ಹಗಲೂ ರಾತ್ರಿ ಬಿಡದ ನೋವು, ದಿನದಿಂದ ದಿನಕ್ಕೆ ಏರುವ ನೋವು, ಸಂಜೆ ಜ್ವರ, ತೂಕ ಇಳಿಯುವುದು, ಬೆನ್ನೆಲುಬಿನ ಒಂದು ಮಣಿಯ ಮೇಲೆ ಮುಷ್ಟಿಯಿಂದ ತಟ್ಟಿದರೆ ಅಲ್ಲೇ ಕೂಗುವುದು, ಇವು ಕಂಡರೆ ಎಂಆರ್‌ಐ ಬೇಕೇ ಬೇಕು, ಅದೂ ಕುತ್ತಿಗೆಗಲ್ಲ, ಎದೆ ಮಟ್ಟದ ಬೆನ್ನಿಗೆ. ಎಕ್ಸ್‌ರೇ ಸರಿಯಿದೆ ಅಂತ ಸುಮ್ಮನಾಗಬಾರದು, ಮೂಳೆ ಸಾಕಷ್ಟು ಸವೆಯುವವರೆಗೆ ಅದರಲ್ಲಿ ಏನೂ ಕಾಣುವುದಿಲ್ಲ. ಕಾಲು ಬಲ ಕಮ್ಮಿಯಾದರೆ, ಮೂತ್ರ ಕಟ್ಟಿದರೆ ಅವತ್ತೇ ದೊಡ್ಡಾಸ್ಪತ್ರೆ. ಇವರ ಬೆನ್ನನ್ನು ಮೇಲಿಂದ ಕೆಳಗಿನವರೆಗೆ ತಟ್ಟಿದೆ, ಎಲ್ಲೂ ನೋಯಲಿಲ್ಲ. ತೂಕ ಇಳಿಯುವುದಿರಲಿ, ಏರಿತ್ತು. ಒಳಗೆ ಸೋಂಕು, ಉರಿಯೂತ ಇದ್ದರೆ ಏರುವ ಇಎಸ್‌ಆರ್ ರಕ್ತ ಪರೀಕ್ಷೆ 18, ಅಂದರೆ ಸರಿಯಾಗಿತ್ತು. ನೋವು ನಡುನಡುವೆ ಪೂರ್ತಿ ಹೋಗಿಬಿಡುವುದೂ ಟಿ.ಬಿ.ಗೆ ಹೊಂದುವುದಿಲ್ಲ.

ಮಾಂಸಖಂಡ ನೋಡಿದೆ. ಬೆನ್ನೆಲುಬಿಗೂ ರೆಕ್ಕೆ ಮೂಳೆಗೂ ನಡುವೆ ಹೆಬ್ಬೆರಳಿನಿಂದ ಒತ್ತುತ್ತಾ ಹೋದೆ. ಒಂದು ಕಡೆ ಹಗ್ಗದ ಹಾಗೆ ಬಿಗಿದ ಎಳೆ ಸಿಕ್ಕಿತು, ಅಲ್ಲಿ ಒತ್ತಿದ ಕೂಡಲೇ "ಅಲ್ಲೇ ಸಾರ್, ಅಲ್ಲೇ" ಅಂದರು. ಇಲ್ಲಿ ಸುಮಾರು ಜನ ನಿಂತುಬಿಡುತ್ತಾರೆ. ಒತ್ತಿದರೆ ನೋಯುತ್ತೆ, ಆದ್ದರಿಂದ ಮಾಂಸಖಂಡದ್ದು, ಮುಲಾಮು ಹಚ್ಚಿ ಅಂತ. ಆದರೆ ಒಳಗಿನ ಅಂಗದ ನೋವು ಪದೇ ಪದೇ ಬರುತ್ತಿದ್ದರೆ ಅದರ ಮಟ್ಟದ ಬೆನ್ನಿನ ಮಾಂಸಖಂಡವೂ ಬಿಗಿಯುತ್ತದೆ, ಒತ್ತಿದರೆ ನೋಯುತ್ತದೆ. ಒತ್ತಿದರೆ ನೋವು ಅನ್ನುವುದರಿಂದ ಮಾಂಸಖಂಡ ಸೇರಿಕೊಂಡಿದೆ ಅಂತ ಗೊತ್ತಾಗುತ್ತದೆ, ಮೂಲ ಎಲ್ಲಿ ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಇನ್ನೊಂದು ಪ್ರಶ್ನೆ ಹಾಕಿದೆ: ನಾನು ಒತ್ತಿದಾಗ ಬಂದದ್ದು ಸಂಜೆಯ ನೋವಾ, ರಾತ್ರಿಯ ನೋವಾ? ಸ್ವಲ್ಪ ಹೊತ್ತು ಯೋಚಿಸಿ "ಸಂಜೆದು. ರಾತ್ರಿದು ಇನ್ನೂ ಒಳಗೆ" ಅಂದರು.

ಎಲ್ಲರ ದಾರಿ ತಪ್ಪಿಸಿದ ಇನ್ನೊಂದು ಸಂಗತಿ ಇತ್ತು. ಎರಡು ಸಲ ರಾತ್ರಿ ನೋವಿಗೆ ಹತ್ತಿರದ ಕ್ಲಿನಿಕ್‌ನಲ್ಲಿ ಡೈಕ್ಲೋಫೆನಾಕ್ ಇಂಜೆಕ್ಷನ್ ಹಾಕಿಸಿದ್ದರು, ಮುಕ್ಕಾಲು ಗಂಟೆಯಲ್ಲಿ ಕಮ್ಮಿ ಆಗಿತ್ತು. "ಮೈಕೈ ನೋವಿನ ಇಂಜೆಕ್ಷನ್‌ಗೆ ಹೋಯಿತು ಅಂದ ಮೇಲೆ ಇದು ಮೈಕೈ ನೋವೇ ಅಲ್ವಾ" ಅನ್ನುವುದು ಮನೆಯವರ ವಾದ. ಪಿತ್ತಕೋಶದ ನೋವಿಗೂ ಅದೇ ಜಾತಿಯ ಔಷಧಿಯನ್ನೇ ನಾವು ಮೊದಲು ಕೊಡುವುದು. ಔಷಧಿಗೆ ನೋವು ಹೋಯಿತು ಅನ್ನುವುದರಿಂದ ನೋವಿನ ಮೂಲ ಹೇಳಲು ಆಗುವುದಿಲ್ಲ. ಗ್ಯಾಸ್ ಮಾತ್ರೆಗೂ ಇದೇ ಮಾತು. ಅದಕ್ಕೆ ನೋವು ಹೋಯಿತೋ, ಹೋಗುವ ಹೊತ್ತಿಗೆ ಮಾತ್ರೆ ನುಂಗಿದ್ದರೋ, ಯಾರಿಗೆ ಗೊತ್ತು?

ಮರುದಿನ ಬೆಳಗ್ಗೆ ಹೊಟ್ಟೆಯ ಸ್ಕ್ಯಾನಿಂಗ್. ರಾತ್ರಿ ಊಟದ ನಂತರ ಎಂಟು ಗಂಟೆ ಏನೂ ತಿನ್ನದೆ ಬರಬೇಕು ಅಂತ ಹೇಳಿದ್ದೆ, ಕಾಫಿಯೂ ಬೇಡ. ಏನಾದರೂ ತಿಂದರೆ ಪಿತ್ತಕೋಶ ಹಿಂಡಿಕೊಂಡು ಸುಕ್ಕಾಗಿ ಕಲ್ಲು ಸರಿಯಾಗಿ ಕಾಣುವುದಿಲ್ಲ. ರಿಪೋರ್ಟ್ ಬಂತು: ಪಿತ್ತಕೋಶದಲ್ಲಿ ಹಲವು ಕಲ್ಲು, ದೊಡ್ಡದು 11 ಮಿ.ಮೀ., ಗೋಡೆ ದಪ್ಪ ಆಗಿಲ್ಲ, ಪಿತ್ತನಾಳ 4 ಮಿ.ಮೀ. ಬಿಲಿರುಬಿನ್ ಮತ್ತು ಲಿವರ್‌ನ ಉಳಿದ ಅಂಕಿಗಳು ಸರಿ ಇದ್ದವು. ಜೊತೆಗೆ ಫ್ಯಾಟಿ ಲಿವರ್ ಗ್ರೇಡ್ 1, ಅದು ಈಗ ಯಾರ ರಿಪೋರ್ಟಿನಲ್ಲಿ ಇಲ್ಲ ಹೇಳಿ. ಪಿತ್ತಕೋಶದ ಕಲ್ಲು ಹಿಡಿಯಲು ಸಾದಾ ಸ್ಕ್ಯಾನಿಂಗ್‌ನಷ್ಟು ಒಳ್ಳೆಯದು ಬೇರೆ ಇಲ್ಲ, ಸಿಟಿ ಸ್ಕ್ಯಾನ್‌ನಲ್ಲಿ ಕೆಲವು ಕಲ್ಲು ಕಾಣುವುದೇ ಇಲ್ಲ. ನಾಳಕ್ಕೆ ಜಾರಿದ ಕಲ್ಲು ಮಾತ್ರ ಸ್ಕ್ಯಾನಿಂಗ್‌ಗೆ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ, ಅದಕ್ಕೇ ನಾಳದ ಅಗಲ ಮತ್ತು ಲಿವರ್ ಅಂಕಿ ನೋಡುವುದು.

ಕಲ್ಲು ಸಿಕ್ಕಿತು, ಇನ್ನೇನು ಆಪರೇಷನ್ ಮಾಡಿಸಿಬಿಡೋಣ ಅಂತ ಮನೆಯವರು ಎದ್ದು ನಿಂತರು. ಆದರೆ ಡಿಸ್ಕ್ ವಿಷಯದಲ್ಲಿ ನಾನು ಹೇಳಿದ ಮಾತು ಕಲ್ಲಿಗೂ ಹೊಂದುತ್ತದಲ್ಲ? ಪಿತ್ತಕೋಶದಲ್ಲಿ ಕಲ್ಲು ಇರುವ ಬಹುಪಾಲು ಜನರಿಗೆ ಜೀವಮಾನದಲ್ಲಿ ಅದರಿಂದ ಏನೂ ಆಗುವುದಿಲ್ಲ. ಫಿಲ್ಮಿನಲ್ಲಿ ಸಿಕ್ಕಿದ ಡಿಸ್ಕ್ ಕಾರಣ ಅಲ್ಲದೆ ಇರಬಹುದಾದರೆ ಸ್ಕ್ಯಾನಿಂಗ್‌ನಲ್ಲಿ ಸಿಕ್ಕಿದ ಕಲ್ಲೂ ಕಾರಣ ಅಲ್ಲದೆ ಇರಬಹುದು. ಪಿತ್ತಕೋಶ ತೆಗೆಸಿಕೊಂಡು ಆಮೇಲೂ ಅದೇ ಬೆನ್ನು ನೋವು ಅಂತ ಬರುವವರು ಇದ್ದಾರೆ, ಅವರಲ್ಲಿ ಎಷ್ಟೋ ಮಂದಿಗೆ ಮೊದಲಿಂದಲೂ ನೋವು ಬೇರೆ ಕಡೆಯದಾಗಿತ್ತು. ಇವರಿಗೆ ಅಂತೂ ಎರಡನೇ ನೋವು ಕಣ್ಣೆದುರೇ ಇತ್ತು.

ಜ್ವರ ಇಲ್ಲ, ಕಾಮಾಲೆ ಇಲ್ಲ, ಆತುರ ಇಲ್ಲ. ಅದಕ್ಕೆ ಒಂದೂವರೆ ತಿಂಗಳು ಬರೆದಿಡಿ ಅಂದೆ. ನೋವು ಶುರುವಾದ ಹೊತ್ತು, ಕೊನೆಯ ಊಟ ಎಷ್ಟು ಹೊತ್ತಿಗೆ ಏನು, ಆ ದಿನ ಹೊಲಿಗೆ ಎಷ್ಟು, ಏನು ಮಾಡಿದರೆ ಕಮ್ಮಿ ಆಯಿತು, ಎಷ್ಟು ಹೊತ್ತಿಗೆ ಹೋಯಿತು. ಬ್ಲೌಸ್ ಅಳತೆ ಬರೆಯುವ ಪುಸ್ತಕದ ಹಿಂದಿನ ಪುಟಗಳಲ್ಲೇ ಬರೆದು ತಂದರು, ಸೀಮೆಸುಣ್ಣದ ಪುಡಿ ಮೆತ್ತಿಕೊಂಡ ಪುಟಗಳು. ಕಾಯುವ ದಿನಗಳಿಗೆ ಷರತ್ತನ್ನೂ ಹೇಳಿದ್ದೆ: ನೋವು ಐದಾರು ಗಂಟೆ ದಾಟಿದರೆ, ಚಳಿಜ್ವರ ಬಂದರೆ, ಕಣ್ಣು ಹಳದಿ ಆದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಅದೇ ರಾತ್ರಿ ಆಸ್ಪತ್ರೆ. ಅದು ಪಿತ್ತಕೋಶ ಊದಿಕೊಂಡದ್ದೋ, ಕಲ್ಲು ನಾಳಕ್ಕೆ ಇಳಿದದ್ದೋ ಇರಬಹುದು. ಬೆನ್ನಿಗೆ ಕೊರೆದ ಹಾಗೆ ನೋವು ಬಂದು ಮುಂದಕ್ಕೆ ಬಗ್ಗಿ ಕೂತರೆ ಮಾತ್ರ ಹಗುರ ಅನ್ನಿಸಿದರೆ ಮೇದೋಜೀರಕಕ್ಕೂ ಪೆಟ್ಟು ಬಿದ್ದಿರಬಹುದು. ಉಸಿರು ಕಟ್ಟಿದರೆ, ನೋವು ದವಡೆಗೋ ತೋಳಿಗೋ ಹರಡಿದರೆ ಕಲ್ಲಿದೆ ಅಂತ ಗೊತ್ತಿದ್ದರೂ ಕಾಯಬಾರದು, 108ಕ್ಕೆ ಫೋನ್ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಲೇಬೇಕು. ಕಲ್ಲು ಇರುವವರಿಗೆ ಹಾರ್ಟ್ ಅಟ್ಯಾಕ್ ಆಗಬಾರದು ಅಂತ ಎಲ್ಲೂ ಬರೆದಿಲ್ಲವಲ್ಲ.

ಆ ಪುಟಗಳನ್ನು ನೋಡಿದಾಗ ಎಂಟು ತಿಂಗಳು ಇದು ಯಾಕೆ ಗೊತ್ತಾಗಲಿಲ್ಲ ಅನ್ನುವುದೂ ತಿಳಿಯಿತು. ಹಬ್ಬ, ಮದುವೆ ಸೀಸನ್ ಬಂದರೆ ಅವರಿಗೆ ಬ್ಲೌಸ್ ಆರ್ಡರ್ ಜಾಸ್ತಿ. ಅದೇ ಸೀಸನ್‌ನಲ್ಲಿ ಹೋಳಿಗೆ ತುಪ್ಪ, ಬೋಂಡ, ಮದುವೆ ಊಟವೂ ಜಾಸ್ತಿ. ಕೊಬ್ಬಿನ ಊಟಕ್ಕೆ ಪಿತ್ತಕೋಶ ಜೋರಾಗಿ ಹಿಂಡುತ್ತದೆ, ಕಲ್ಲು ಅದರ ಬಾಯಿಗೆ ಬಂದು ಸಿಕ್ಕಿಕೊಳ್ಳುತ್ತದೆ. ಅಂದರೆ ಎರಡೂ ನೋವು ಒಂದೇ ತಿಂಗಳಲ್ಲಿ ಏರಿ ಒಂದೇ ತಿಂಗಳಲ್ಲಿ ಇಳಿಯುತ್ತಿದ್ದವು. ತಿಂಗಳ ಲೆಕ್ಕ ಕೇಳಿದವರಿಗೆ "ಕೆಲಸ ಜಾಸ್ತಿ ಆದಾಗ ನೋವು" ಅನ್ನುವ ಉತ್ತರವೇ ಸಿಗುತ್ತಿತ್ತು, ಅದು ಸುಳ್ಳೂ ಅಲ್ಲ. ಗಂಟೆಯ ಲೆಕ್ಕ ಹಾಕಿದಾಗ ಮಾತ್ರ ಬೇರೆ ಬೇರೆ ಆಯಿತು. ಬರೆದಿಟ್ಟ ರಾತ್ರಿ ನೋವುಗಳಲ್ಲಿ ಒಂದು, ಮಷಿನ್ ಮುಟ್ಟದೆ ಮೂರು ದಿನ ತವರಿನಲ್ಲಿದ್ದಾಗ ಬಂದಿತ್ತು. ನನಗೆ ಬೇಕಾಗಿದ್ದ ಸಾಕ್ಷಿ ಅದು. ಇನ್ನೊಂದು ಬರೀ ಅನ್ನ ತಿಳಿಸಾರು ಉಂಡ ರಾತ್ರಿ ಬಂದಿತ್ತು. ಅದೂ ಇರುತ್ತದೆ. ಎಣ್ಣೆ ತಿಂದರೆ ಮಾತ್ರ ಪಿತ್ತಕೋಶದ ನೋವು ಅಂತ ಗೆರೆ ಹಾಕಿಕೊಂಡರೆ ಅರ್ಧ ಮಂದಿ ತಪ್ಪಿಹೋಗುತ್ತಾರೆ.

ಆಪರೇಷನ್‌ಗೆ ಒಪ್ಪಿದರು. ಮೂರು ತಿಂಗಳ ಶುಗರ್ ಸರಾಸರಿ 8.3 ಇತ್ತು, ಅದನ್ನು ಇಳಿಸಿಕೊಳ್ಳಲು ಸ್ವಲ್ಪ ಸಮಯ ಹಿಡಿಯಿತು. 7.4ಕ್ಕೆ ಬಂದ ಮೇಲೆ ಜಿಲ್ಲಾ ಕೇಂದ್ರದಲ್ಲಿ ಲ್ಯಾಪ್ರೋಸ್ಕೋಪಿ ಆಯಿತು, ನಾಲ್ಕು ಸಣ್ಣ ತೂತು, ಮೂರನೇ ದಿನ ಮನೆಗೆ. ಮನೆಗೆ ಬಂದ ದಿನ ಗಾಬರಿಯಿಂದ ಫೋನ್: "ಸಾರ್, ಮತ್ತೆ ಬಂತು." ಎಲ್ಲಿ ಅಂದರೆ ಬಲ ಹೆಗಲಿನ ತುದಿ. ಅದು ಆ ನೋವಲ್ಲ. ಆಪರೇಷನ್ ಹೊತ್ತಿನಲ್ಲಿ ಹೊಟ್ಟೆ ಉಬ್ಬಿಸಲು ತುಂಬುವ ಗಾಳಿಯಿಂದ ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆ ಕೆರಳುತ್ತದೆ, ವಪೆಯ ನರ ಹೊರಡುವುದು ಕುತ್ತಿಗೆಯಿಂದ, ಅದಕ್ಕೇ ಆ ನೋವು ಹೆಗಲ ತುದಿಗೆ ಬರುತ್ತದೆ, ರೆಕ್ಕೆಗಳ ನಡುವೆ ಅಲ್ಲ. ಎರಡು ದಿನದಲ್ಲಿ ಹೋಯಿತು. ಆಮೇಲೆ ಏಳು ತಿಂಗಳಾಯಿತು, ರಾತ್ರಿ ನೋವು ಒಂದು ಸಲವೂ ಬಂದಿಲ್ಲ.

ಸಂಜೆ ನೋವು ಮಾತ್ರ ಇದ್ದಲ್ಲೇ ಇತ್ತು. ಇದನ್ನು ಆಪರೇಷನ್‌ಗೆ ಮುಂಚೆಯೇ ಹೇಳಿಟ್ಟಿದ್ದೆ, ಹಾಗಾಗಿ ಅವರಿಗೆ ಬೇಜಾರಾಗಲಿಲ್ಲ. ಈ ಸಲ ಮಷಿನ್ ಮುಂದೆ ಕೂತು ಹೊಲಿಯುವಾಗ ಪಕ್ಕದಿಂದ ಒಂದು ವಿಡಿಯೋ ತೆಗೆದು ತನ್ನಿ ಅಂದೆ. ಕುಳಿತ ಸ್ಟೂಲು ತಗ್ಗು, ಮಷಿನ್ ಎತ್ತರ, ಹಾಗಾಗಿ ಹೆಗಲು ಮೇಲಕ್ಕೆ ಎತ್ತಿಯೇ ಇರುತ್ತಿತ್ತು. ಅದಕ್ಕಿಂತ ಮುಖ್ಯವಾಗಿ ಕಂಡದ್ದು ಮುಖ, ಸೂಜಿಯಿಂದ ಒಂದು ಗೇಣು ದೂರದಲ್ಲಿತ್ತು. ಕುತ್ತಿಗೆ ಮುಂದೆ, ಬೆನ್ನು ಗೂನು, ತಲೆಯ ಭಾರವನ್ನೆಲ್ಲ ರೆಕ್ಕೆಗಳ ನಡುವಿನ ಮಾಂಸಖಂಡ ಹಿಡಿದು ನಿಲ್ಲಿಸಬೇಕು, ಗಂಟೆಗಟ್ಟಲೆ. ಯಾಕೆ ಅಷ್ಟು ಬಗ್ಗುತ್ತೀರಿ ಅಂದರೆ "ಕಪ್ಪು ಬಟ್ಟೆ ಮೇಲೆ ಕಪ್ಪು ದಾರ ಕಾಣಲ್ಲ ಸಾರ್". 46 ವರ್ಷ, ಚಾಳೀಸು ಬಂದಿದೆ, ಕನ್ನಡಕ ಮಾಡಿಸಿಲ್ಲ. ಇಷ್ಟು ವರ್ಷದಲ್ಲಿ ಕುತ್ತಿಗೆ, ಬೆನ್ನು ಎಲ್ಲ ತೋರಿಸಿದ್ದರು, ಕಣ್ಣು ಮಾತ್ರ ಯಾರೂ ನೋಡಿರಲಿಲ್ಲ.

ಓದುವ ಕನ್ನಡಕ ಬಂತು. ಹಿಂದಿನ ಟ್ಯೂಬ್‌ಲೈಟ್ ಬೆಳಕಿಗೆ ಅವರದೇ ನೆರಳು ಬಟ್ಟೆಯ ಮೇಲೆ ಬೀಳುತ್ತಿತ್ತು, ಎಡಗಡೆಯಿಂದ ಒಂದು ಸಣ್ಣ ದೀಪ ಹಾಕಿಸಿಕೊಂಡರು. ಸ್ಟೂಲಿನ ಬದಲು ಬೆನ್ನು ಒರಗುವ ಕುರ್ಚಿ, ಅದರ ಮೇಲೆ ಗಟ್ಟಿ ದಿಂಬು, ಮೊಣಕೈ ಮೇಜಿನ ಮಟ್ಟಕ್ಕೆ ಬರುವಷ್ಟು ಎತ್ತರ. ಒಂದು ಬ್ಲೌಸಿನ ಎರಡು ತೋಳು ಮುಗಿದರೆ ಎದ್ದು ನಿಂತು ಎರಡೂ ರೆಕ್ಕೆ ಮೂಳೆ ಹತ್ತಿರ ತಂದು ಐದೆಣಿಸುವವರೆಗೆ ಹಿಡಿದು ಬಿಡುವುದು, ಹತ್ತು ಸಲ. ಗಡಿಯಾರ ನೋಡಿ ಏಳಿ ಅಂದರೆ ಯಾರೂ ಏಳುವುದಿಲ್ಲ, ಕೆಲಸದ ಲೆಕ್ಕದಲ್ಲಿ ಹೇಳಿದರೆ ನೆನಪಿರುತ್ತದೆ. ಕಾಲರ್ ನಿಲ್ಲಿಸಿದೆವು, ತಿಂಗಳುಗಟ್ಟಲೆ ಹಾಕಿದರೆ ಕುತ್ತಿಗೆಯ ಮಾಂಸಖಂಡವೇ ಸೋಲುತ್ತದೆ. ನರದ ಮಾತ್ರೆಯನ್ನು ಒಂದೇ ದಿನಕ್ಕೆ ಬಿಡದೆ ಮೆಲ್ಲಗೆ ಇಳಿಸಿ ನಿಲ್ಲಿಸಿದೆವು.

ಸಂಜೆ ನೋವು ಎರಡು ತಿಂಗಳಲ್ಲಿ ಮುಕ್ಕಾಲು ಕಮ್ಮಿ ಆಯಿತು, ಪೂರ್ತಿ ಹೋಗಲಿಲ್ಲ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ರಾತ್ರಿ ಹನ್ನೊಂದರವರೆಗೆ ಹೊಲಿದಾಗ ಮತ್ತೆ ಬಂದಿತ್ತಂತೆ, ಹಬ್ಬ ಮುಗಿದ ಎರಡನೇ ದಿನಕ್ಕೆ ಹೋಯಿತು. ಮೊನ್ನೆ ಬಂದಾಗ ಅದೇ ಹಳೇ ಕವರ್ ತಂದು, ವರ್ಷ ಆಯಿತಲ್ಲ, ಕುತ್ತಿಗೆ ಎಂಆರ್‌ಐ ಇನ್ನೊಂದು ಸಲ ಮಾಡಿಸಲಾ ಅಂತ ಕೇಳಿದರು. ಬೇಡ ಅಂದೆ. ಬೆರಳು ಜೋಮು ಹಿಡಿದರೆ, ಕತ್ತರಿ ಹಿಡಿಯುವ ಕೈಗೆ ಶಕ್ತಿ ಸಾಲದೆ ಬಂದರೆ, ನಡೆಯುವಾಗ ಕಾಲು ತಡವರಿಸಿದರೆ ಆವಾಗ ಮಾಡಿಸೋಣ. ಸದ್ಯಕ್ಕೆ ಶುಗರ್ ಮಾತ್ರೆ, ಬಿಪಿ ಪರೀಕ್ಷೆ, ಮೂರು ತಿಂಗಳಿಗೊಮ್ಮೆ ಬರುವುದು ಅಂತ ಬರೆದುಕೊಟ್ಟು ಕಳಿಸಿದೆ.